ಪಲೆಂಕೆಯಲ್ಲಿ ಒಂದು ಹೆಸರು ಓದಿದ್ದು

ಪಲೆಂಕೆ ಊರಿಂದ ಮಾಯಾ ಎಂಬ ಜನರ ಹಳೇ ಪಟ್ಟಣಕ್ಕೆ ಎಂಟು ಕಿಲೋಮೀಟರ್ ದಾರಿ. ನಮ್ಮ ಮ್ಯಾಕ್ಸಿಕ್ಯಾಬ್ ತರಹದ ಗಾಡಿಗೆ ಅಲ್ಲಿ ಕೊಲೆಕ್ತಿವೊ ಅಂತಾರೆ. ಇಳಿದು ನಾಲ್ಕು ಹೆಜ್ಜೆ ಇಟ್ಟಿಲ್ಲ, ಮರದ ಮೇಲಿಂದ ಹುಲಿ ಗುಡುಗಿದ ಹಾಗೆ ಸದ್ದು. ತಮ್ಮ ನನ್ನ ತೋಳು ಹಿಡಿದುಕೊಂಡ. ನೋಡಿದರೆ ಕೂಗುವುದು ಹೌಲರ್ ಮಂಗಗಳು, ಅಷ್ಟೇ.

ಇದು ಮೆಕ್ಸಿಕೋದ ಚಿಯಾಪಾಸ್ ರಾಜ್ಯ. ಗೈಡ್ ಐವತ್ತು ದಾಟಿದವರು, ಮನೆಮಾತು ಚೋಲ್. ಚೋಲ್ ಅಂದರೆ ಇವತ್ತಿಗೂ ಬದುಕಿರುವ ಮಾಯಾ ಭಾಷೆಗಳಲ್ಲಿ ಒಂದು. ಅವರು ಸ್ಪ್ಯಾನಿಷ್‌ನಲ್ಲಿ ಹೇಳುತ್ತಿದ್ದರು, ತಮ್ಮ ನನಗೆ ಕನ್ನಡದಲ್ಲಿ ಹೇಳುತ್ತಿದ್ದ.

ಎದುರಿಗೇ ಶಾಸನಗಳ ಗುಡಿ. ಮೆಟ್ಟಿಲು ಮೆಟ್ಟಿಲಾಗಿ ಏರುವ ಕಲ್ಲಿನ ಪಿರಮಿಡ್, ತುದಿಯಲ್ಲಿ ಗುಡಿ. ಹತ್ತಲು ಬಿಡುವುದಿಲ್ಲ. ಇಷ್ಟು ದೂರ ಬಂದು ಕೆಳಗಿಂದ ನೋಡಬೇಕಾ ಅಂತ ಬೇಜಾರಾಯಿತು. ಮೇಲಿನ ಗುಡಿಯ ನೆಲದ ಒಂದು ಚಪ್ಪಡಿಯಲ್ಲಿ ಸಾಲಾಗಿ ತೂತುಗಳಿದ್ದವು, ಅವಕ್ಕೆ ಕಲ್ಲಿನ ಬಿರಡೆ ಹಾಕಿತ್ತು. ಇದು ಯಾಕೆ ಹೀಗೆ ಅಂತ ಕೇಳಿಕೊಂಡವರು ಪುರಾತತ್ವಜ್ಞ ಆಲ್ಬೆರ್ತೊ ರೂಸ್. ಚಪ್ಪಡಿ ಎತ್ತಿದರೆ ಕಲ್ಲುಮಣ್ಣು ತುಂಬಿದ ಮೆಟ್ಟಿಲು. ಅದನ್ನು ತೆಗೆದು ಕೆಳಗೆ ಮುಟ್ಟಲು ವರ್ಷಗಳೇ ಹಿಡಿದವು. 1952ರ ಜೂನ್‌ನಲ್ಲಿ ತಳದ ಕೋಣೆಯಲ್ಲಿ ಸಿಕ್ಕಿದ್ದು ರಾಜನ ಗೋರಿ. ಆದರೆ ಯಾವ ರಾಜ? ಗೋರಿಯ ಕಲ್ಲಿನ ತುಂಬ ಬರಹವಿತ್ತು, ಓದುವವರು ಇರಲಿಲ್ಲ.

ಅದೇ 1952ರಲ್ಲಿ ಲೆನಿನ್‌ಗ್ರಾಡ್‌ನಲ್ಲಿ ಇದ್ದ ಯೂರಿ ಕ್ನೊರೊಜೊವ್ ಎಂಬಾತ ಒಂದು ಲೇಖನ ಪ್ರಕಟಿಸಿದ. ಮಾಯಾ ಊರನ್ನು ಆತ ಕಣ್ಣಾರೆ ಕಂಡಿರಲಿಲ್ಲ. ಅವನ ಕೈಯಲ್ಲಿ ಇದ್ದದ್ದು ಹದಿನಾರನೇ ಶತಮಾನದ ಪಾದ್ರಿ ಡಿಯೆಗೊ ದೆ ಲಾಂಡಾ ಬರೆಸಿಕೊಂಡ ಒಂದು ಪಟ್ಟಿ. ಈ ಲಾಂಡಾ 1562ರಲ್ಲಿ ಮಾಯಾ ಪುಸ್ತಕಗಳನ್ನು ರಾಶಿ ಹಾಕಿ ಸುಡಿಸಿದವನು. ಅದೇ ಮನುಷ್ಯ ಒಬ್ಬ ಲಿಪಿಕಾರನನ್ನು ಕೂರಿಸಿಕೊಂಡು, ನಿಮ್ಮ ಅಕ್ಷರಮಾಲೆ ಬರಿ ಅಂದ. ಸ್ಪ್ಯಾನಿಷ್‌ನಲ್ಲಿ ಬಿ ಅಕ್ಷರದ ಹೆಸರು ‘ಬೆ’. ಮಾಯಾ ಭಾಷೆಯಲ್ಲಿ ‘ಬೆ’ ಅಂದರೆ ದಾರಿ. ಲಿಪಿಕಾರ ದಾರಿಯ ಮೇಲಿನ ಹೆಜ್ಜೆಗುರುತು ಬರೆದುಕೊಟ್ಟ! ಕೊನೆಗೆ ಒಂದು ವಾಕ್ಯ ಬರಿ ಅಂದಾಗ ಅವನು ಬರೆದದ್ದು ‘ನನಗೆ ಬೇಡ’ ಅಂತ. ಎಷ್ಟು ರೋಸಿಹೋಗಿದ್ದನೋ ಪಾಪ.

ಇದೆಲ್ಲ ಬರೀ ಗೊಂದಲ ಅಂತ ಪಂಡಿತರು ಪಟ್ಟಿಯನ್ನೇ ಬದಿಗಿಟ್ಟಿದ್ದರು. ಕ್ನೊರೊಜೊವ್‌ಗೆ ಹೊಳೆದದ್ದು ಇಷ್ಟು: ಇವು ಎ, ಬಿ, ಸಿ ಅಲ್ಲ, ಸ್ವರ ಸೇರಿದ ವ್ಯಂಜನಗಳು. ಕಾಗುಣಿತ ಕಲಿತ ನಮಗೆ ಇದು ತಟ್ಟನೆ ಅರ್ಥವಾಗುತ್ತದೆ, ಅಲ್ವಾ? ಪಟ್ಟಿಯಲ್ಲಿ ‘ಕು’ ಇತ್ತು. ಉಳಿದಿದ್ದ ಒಂದು ಮಾಯಾ ಪುಸ್ತಕದಲ್ಲಿ ಟರ್ಕಿ ಕೋಳಿಯ ಚಿತ್ರದ ಮೇಲೆ ‘ಕು’ ಮತ್ತು ಇನ್ನೊಂದು ಗುರುತು ಇದ್ದವು. ಯುಕಾಟೆಕ್ ಮಾಯಾದಲ್ಲಿ ಟರ್ಕಿ ಕೋಳಿಗೆ ‘ಕುತ್ಸ್’ ಅನ್ನುತ್ತಾರೆ. ಹಾಗಾದರೆ ಆ ಇನ್ನೊಂದು ‘ತ್ಸು’ ಇರಬೇಕು. ನಾಯಿಯ ಚಿತ್ರದ ಮೇಲೆ ಅದೇ ಗುರುತು ಮೊದಲಿಗೆ, ಆಮೇಲೆ ಪಟ್ಟಿಯಲ್ಲಿದ್ದ ‘ಲು’. ತ್ಸು-ಲು. ಹಳೇ ನಿಘಂಟಿನಲ್ಲಿ ‘ತ್ಸುಲ್’ ಅಂದರೆ ನಾಯಿ. ಕೊನೆಯ ಸ್ವರ ಬರೆಯುತ್ತಾರೆ, ಓದುವಾಗ ಬಿಡುತ್ತಾರೆ. ನಮ್ಮ ಹಾಗೆ ಅರ್ಧಾಕ್ಷರದ ಗುರುತು ಅವರಿಗೆ ಇರಲಿಲ್ಲ.

ಮಾಯಾ ಪಂಡಿತರಲ್ಲಿ ಆ ಕಾಲದ ದೊಡ್ಡ ಹೆಸರು ಎರಿಕ್ ಥಾಂಪ್ಸನ್ ಇದನ್ನು ಒಪ್ಪಲೇ ಇಲ್ಲ. ಶಾಸನಗಳಲ್ಲಿ ಇರುವುದು ಕಾಲದ ಲೆಕ್ಕ ಮತ್ತು ದೇವರು, ರಾಜರ ಕಥೆ ಅಲ್ಲ ಅನ್ನುವುದು ಅವನ ನಂಬಿಕೆ. ಆ ನಂಬಿಕೆಯನ್ನು ಅಲ್ಲಾಡಿಸಿದವರು ತಾತ್ಯಾನಾ ಪ್ರೊಸ್ಕೂರ್ಯಾಕೊಫ್. ಪಿಯೆದ್ರಾಸ್ ನೆಗ್ರಾಸ್ ಎಂಬಲ್ಲಿನ ಕಲ್ಲುಗಳ ತಾರೀಖುಗಳನ್ನು ಜೋಡಿಸಿ, ಒಂದೊಂದು ಗುಂಪೂ ಒಬ್ಬ ಮನುಷ್ಯನ ಆಯಸ್ಸಿನೊಳಗೆ ಮುಗಿಯುತ್ತದೆ ಅಂತ 1960ರಲ್ಲಿ ತೋರಿಸಿದರು. ಒಂದು ಗುರುತು ಹುಟ್ಟು, ಇನ್ನೊಂದು ಪಟ್ಟ.

ಮ್ಯೂಸಿಯಮ್ಮಿನಲ್ಲಿ ಗೋರಿಯ ಪೂರ್ತಿ ಅಳತೆಯ ಪ್ರತಿಕೃತಿ ಇದೆ. ಅದರ ಮುಂದೆ ಗೈಡ್ ನನ್ನ ನೋಟ್‌ಬುಕ್ ಕೇಳಿ ತೆಗೆದುಕೊಂಡು ಎರಡು ಚಿತ್ರ ಬರೆದರು. ಒಂದರಲ್ಲಿ ಗುರಾಣಿ. ಇನ್ನೊಂದರಲ್ಲಿ ಮೂರು ಸಣ್ಣ ಗುರುತು ಒತ್ತಿಕೊಂಡಿದ್ದವು. “ಪ, ಕ, ಲ,” ಅಂದರು. ಪಕಲ್, ಅಂದರೆ ಗುರಾಣಿ. ಲಿಪಿಕಾರರು ಒಮ್ಮೆ ಚಿತ್ರ ಬರೆಯುತ್ತಿದ್ದರು, ಒಮ್ಮೆ ಉಚ್ಚಾರ. ಎರಡೂ ಒಂದೇ ಜಾಗದಲ್ಲಿ ಬಂದದ್ದರಿಂದಲೇ ಹೆಸರು ಸಿಕ್ಕಿತು. 1973ರ ಡಿಸೆಂಬರ್‌ನಲ್ಲಿ ಇದೇ ಪಲೆಂಕೆಯಲ್ಲಿ ಒಂದು ಸಮ್ಮೇಳನ ನಡೆಯಿತು. ಚಿತ್ರಕಲೆ ಕಲಿಸುತ್ತಿದ್ದ ಲಿಂಡಾ ಶೀಲ್, ವಿದ್ಯಾರ್ಥಿ ಪೀಟರ್ ಮ್ಯಾಥ್ಯೂಸ್, ಭಾಷಾತಜ್ಞ ಫ್ಲಾಯ್ಡ್ ಲೌನ್ಸ್‌ಬರಿ ಕೂತು, ಒಂದೇ ಮಧ್ಯಾಹ್ನದಲ್ಲಿ ಪಕಲ್ ಮತ್ತು ಅವನ ನಂತರದ ರಾಜರನ್ನು ಸಾಲಾಗಿ ಜೋಡಿಸಿಬಿಟ್ಟರು.

ಶಾಸನದ ಪ್ರಕಾರ ಪಕಲ್ 603ರಲ್ಲಿ ಹುಟ್ಟಿ, ಹನ್ನೆರಡನೇ ವಯಸ್ಸಿಗೆ 615ರಲ್ಲಿ ಪಟ್ಟಕ್ಕೇರಿ, 683ರಲ್ಲಿ ಎಂಬತ್ತು ದಾಟಿ ಸತ್ತ. ಆದರೆ ಮೂಳೆ ನೋಡಿದವರು ಮೊದಲು ಹೇಳಿದ್ದು ನಲವತ್ತರ ಆಸುಪಾಸಿನ ಗಂಡಸು ಅಂತ. ರೂಸ್ ಸಹ ಅದನ್ನೇ ಹಿಡಿದು ಕೂತರು. ಕಲ್ಲು ಸುಳ್ಳೋ ಮೂಳೆ ಸುಳ್ಳೋ ಅಂತ ದಶಕಗಟ್ಟಲೆ ಜಗಳ ನಡೆಯಿತು. ಹೊಸ ವಿಧಾನದಲ್ಲಿ ಮತ್ತೆ ಪರೀಕ್ಷಿಸಿದಾಗ ಸತ್ತಾಗ ಅವನು ಮುದುಕನೇ ಆಗಿದ್ದ ಅಂತ ಕಂಡಿತು.

ಅರಮನೆಯ ಅಂಗಳಕ್ಕೆ ಬರುವ ಹೊತ್ತಿಗೆ ಮಳೆ ಶುರುವಾಯಿತು, ನೋಟ್‌ಬುಕ್ ಅರ್ಧ ನೆನೆಯಿತು. ಅಂಗಳದ ಬದಿಯ ಕಲ್ಲುಗಳಲ್ಲಿ ಮಂಡಿಯೂರಿದ ಸೆರೆಯಾಳುಗಳು. ಅಲ್ಲಿನ ಮೆಟ್ಟಿಲ ಬರಹದಲ್ಲಿ ಒಂದು ಕೊಡಲಿಯ ಗುರುತು ಬರುತ್ತದಂತೆ. ಕೊಡಲಿ ಅಂದರೆ ಕಡಿದರು, ದಾಳಿ ಮಾಡಿದರು. ಕಡಿದದ್ದು ಲಕಮ್ಹಾ ಎಂಬ ಊರನ್ನು. ಲಕಮ್ಹಾ ಅಂದರೆ ‘ದೊಡ್ಡ ನೀರು’, ಈ ಪಟ್ಟಣದ ಹಳೇ ಹೆಸರು. ಕೆಳಗೆ ತೊರೆ ಈಗಲೂ ಹರಿಯುತ್ತಿತ್ತು. 599ರಲ್ಲಿ ಒಮ್ಮೆ, 611ರಲ್ಲಿ ಇನ್ನೊಮ್ಮೆ ಹಾವಿನ ಲಾಂಛನದ ಕಾನ್ ರಾಜ್ಯದವರು ಬಂದು ಬಡಿದರು. ತಮ್ಮ ಸೋಲನ್ನೇ ಹೀಗೆ ಕಲ್ಲಿನಲ್ಲಿ ಕೊರೆಸಿ ಇಡುವುದು ನನಗೆ ವಿಚಿತ್ರ ಅನ್ನಿಸಿತು. ಎರಡನೇ ದಾಳಿಯ ನಾಲ್ಕು ವರ್ಷಕ್ಕೆ ಹುಡುಗ ಪಕಲ್ ಗದ್ದುಗೆಗೆ ಬಂದ.

ಅವನ ಮಗ ಕನ್ ಹೋಯ್ ಚಿತಮ್‌ನನ್ನು 711ರಲ್ಲಿ ದಕ್ಷಿಣದ ತೊನಿನಾದವರು ಹಿಡಿದರು. ತೋಳಿಗೆ ಹಗ್ಗ ಕಟ್ಟಿ ನೆಲಕ್ಕೆ ಕೂರಿಸಿದ ಅವನ ಚಿತ್ರ ತೊನಿನಾದಲ್ಲಿ ಸಿಕ್ಕಿದೆ, ಹೆಸರು ಬರೆದಿರುವುದು ತೊಡೆಯ ಮೇಲೆ. ಕೊಂದೇಬಿಟ್ಟರು ಅಂತ ಮೊದಲು ಎಲ್ಲರೂ ಬರೆದರು. ಆಮೇಲಿನ ತಾರೀಖಿನ ಶಾಸನಗಳಲ್ಲೂ ಅವನೇ ರಾಜನಾಗಿ ಕಾಣಿಸಿಕೊಂಡ ಮೇಲೆ ಅದನ್ನು ತಿದ್ದಬೇಕಾಯಿತು.

ವಾಪಸ್ ಗಾಡಿಯಲ್ಲಿ ತಮ್ಮ ಫೋನ್ ತೆಗೆದು ಗೈಡ್ ಹೇಳಿದ ಲೆಕ್ಕಕ್ಕೆ ಕೂತ. ಮಾಯಾದವರು ಕ್ರಿಸ್ತಪೂರ್ವ 3114ರ ಒಂದು ದಿನವನ್ನು ಶುರು ಅಂತ ಹಿಡಿದು ದಿನ ಎಣಿಸುತ್ತಿದ್ದರು. ಪಕಲ್ ಪಟ್ಟಕ್ಕೇರಿದ್ದು 13,61,608ನೇ ದಿನ. ಅವರಲ್ಲಿ 260 ದಿನದ ಒಂದು ಸುತ್ತು, 365 ದಿನದ ಒಂದು ಸುತ್ತು, ಎರಡೂ ಜೊತೆಗೆ ತಿರುಗುತ್ತವೆ. ಒಂದೇ ಜೋಡಿ ಮತ್ತೆ ಬರಲು 18,980 ದಿನ ಬೇಕು, ಅಂದರೆ ಸುಮಾರು 52 ವರ್ಷ. ಮೇಲಿನ ಗುಡಿಯ ಶಾಸನ ಈ ಪಟ್ಟದ ದಿನಕ್ಕೆ ಅಂಥ ಎಂಬತ್ತು ಸುತ್ತು ಕೂಡಿಸುತ್ತದೆ.

“ಒಟ್ಟು 28,80,008,” ಅಂದ ತಮ್ಮ. 1,44,000 ದಿನದ ಒಂದು ಬಕ್ತುನ್. ಅಂಥ ಇಪ್ಪತ್ತು ತುಂಬಿ, ಮೇಲೆ ಬರೀ ಎಂಟು ದಿನ. ಪಟ್ಟದ ದಿನವನ್ನು ಒಂದು ಮಹಾಯುಗದ ಅಂಚಿಗೆ ತಂದು ಕೂರಿಸಲು ಲಿಪಿಕಾರರು ಎಷ್ಟು ಗುಣಿಸಿ ನೋಡಿರಬೇಕು! ನಮ್ಮ ಕ್ಯಾಲೆಂಡರಿನಲ್ಲಿ ಅದು 4772ರ ಅಕ್ಟೋಬರ್ 21.

“ಹಾಗಾದರೆ 2012ಕ್ಕೆ ಪ್ರಪಂಚ ಮುಳುಗುತ್ತೆ ಅಂದಿದ್ದು?” ಅಂತ ಕೇಳಿದೆ.

“ಅದು ಹದಿಮೂರನೇ ಬಕ್ತುನ್ ಮುಗಿದದ್ದು ಅಷ್ಟೇ ಕಣಕ್ಕ. ಇವರು ಅದಕ್ಕಿಂತ ಏಳು ಬಕ್ತುನ್ ಮುಂದಕ್ಕೆ ಹಬ್ಬದ ದಿನ ಗೊತ್ತು ಮಾಡಿಟ್ಟಿದ್ದಾರೆ,” ಅಂದು ಫೋನ್ ಜೇಬಿಗಿಟ್ಟ.