ಬಾಗಿದ ಅಂಚಿನ ಪ್ಲೇಟಿನಲ್ಲಿ ಎತ್ತುವ ತೂತು ಎಲ್ಲಿರಬೇಕು?

ನಾನು ಉಕ್ಕಿನ ಫ್ಯಾಬ್ರಿಕೇಶನ್ ಘಟಕವೊಂದರ ಡ್ರಾಯಿಂಗ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಕತ್ತರಿಸಿದ ಪ್ಲೇಟನ್ನು ಕ್ರೇನಿನಿಂದ ನೆಟ್ಟಗೆ ಎತ್ತಿ, ಅದರ ತಳದ ಅಂಚು ನೆಲಕ್ಕೆ ಸಮಾನಾಂತರವಾಗಿರುವಂತೆ ಇಳಿಸಬೇಕಾದರೆ, ಎತ್ತುವ ತೂತು ದ್ರವ್ಯರಾಶಿ ಕೇಂದ್ರದ ನೇರ ಮೇಲಿರಬೇಕು. ಆಯತಾಕಾರದ ಪ್ಲೇಟಿನಲ್ಲಿ ಇದಕ್ಕೆ ಲೆಕ್ಕವೇ ಬೇಡ. ಅಂಚು ಬಾಗಿದ್ದರೆ ಮಾತ್ರ ಕಣ್ಣಂದಾಜನ್ನು ನಂಬುವಂತಿಲ್ಲ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಪ್ಲೇಟಿನ ತಳ 1.2 ಮೀಟರ್, ಎಡಗಡೆಯ ನೇರ ಅಂಚಿನ ಎತ್ತರ 0.9 ಮೀಟರ್, ಎಡ ತುದಿಯ ಮೇಲಿನಿಂದ ಬಲ ತುದಿಯ ಕೆಳಗಿನವರೆಗೆ ಪರವಲಯದ ಅಂಚು ಇಳಿಯುತ್ತದೆ. ಎಡ ಕೆಳಮೂಲೆಯನ್ನು ಮೂಲಬಿಂದುವಾಗಿ ಇಟ್ಟುಕೊಂಡರೆ ಆ ಅಂಚಿನ ಸಮೀಕರಣ ಹೀಗಿರುತ್ತದೆ:

y = 0.9(1 − x²/1.44)

ಪ್ಲೇಟನ್ನು dx ಅಗಲದ ಲಂಬ ಪಟ್ಟಿಗಳಾಗಿ ಸೀಳಿದಂತೆ ಭಾವಿಸಿದರೆ ಒಂದು ಪಟ್ಟಿಯ ವಿಸ್ತೀರ್ಣ y dx. ದಪ್ಪವೂ ಸಾಂದ್ರತೆಯೂ ಎಲ್ಲೆಡೆ ಒಂದೇ ಆಗಿರುವುದರಿಂದ ಅವು ಭಾಗಾಕಾರದಲ್ಲಿ ರದ್ದಾಗುತ್ತವೆ, ವಿಸ್ತೀರ್ಣವೊಂದೇ ಸಾಕಾಗುತ್ತದೆ. 0ಯಿಂದ 1.2ರವರೆಗೆ ಅನುಕಲಿಸಿದಾಗ ಒಟ್ಟು ವಿಸ್ತೀರ್ಣ 0.72 ಚದರ ಮೀಟರ್ ಬರುತ್ತದೆ, 10 ಮಿ.ಮೀ. ದಪ್ಪದ ಉಕ್ಕಾದರೆ ತೂಕ ಸುಮಾರು 56.5 ಕೆ.ಜಿ.

ಇನ್ನು ಮೊಮೆಂಟುಗಳು. ಪ್ರತಿ ಪಟ್ಟಿಯೂ y-ಅಕ್ಷದಿಂದ x ದೂರದಲ್ಲಿದೆ. ಆದ್ದರಿಂದ ಆ ಅಕ್ಷದ ಸುತ್ತಲಿನ ಮೊಮೆಂಟ್ M_y = ∫ x·y dx = 0.324. ಇದನ್ನು 0.72ರಿಂದ ಭಾಗಿಸಿದರೆ x̄ = 0.45 ಮೀಟರ್. x̄ ಬೇಕೆಂದಾಗ M_y ಬಳಸಬೇಕು, M_x ಅಲ್ಲ ಎಂಬುದು ಹೊಸಬರನ್ನು ಗೊಂದಲಕ್ಕೆ ಕೆಡವುತ್ತದೆ. Y-ಅಕ್ಷದಿಂದ ಇರುವ ದೂರವನ್ನು ಅಳೆಯುವುದು x ಎಂಬುದನ್ನು ಚಿತ್ರದಲ್ಲಿ ಬೆರಳಿಟ್ಟು ತೋರಿಸಿದ ಮೇಲೆ ಗೊಂದಲ ಕಳೆಯುತ್ತದೆ.

ಎತ್ತರದ ಲೆಕ್ಕದಲ್ಲಿ ಎಡವುವವರು ಇನ್ನೂ ಹೆಚ್ಚು. ತಳದಿಂದ y ಎತ್ತರದವರೆಗೆ ನಿಂತಿರುವ ಪಟ್ಟಿಯ ಕೇಂದ್ರ ಇರುವುದು ಅದರ ತುದಿಯಲ್ಲಲ್ಲ, ನಡುವೆ, ಅಂದರೆ y/2ರಲ್ಲಿ. ಹಾಗಾಗಿ M_x = ∫ (y/2)·y dx = ½∫ y² dx = 0.2592 ಆಗುತ್ತದೆ, ȳ = 0.36 ಮೀಟರ್. ಆ ಅರ್ಧವನ್ನು ಬಿಟ್ಟರೆ ಉತ್ತರ 0.72 ಮೀಟರ್ ಆಗುತ್ತದೆ. ಈ ತಪ್ಪಿನ ಅಪಾಯವೆಂದರೆ, x = 0.45ರಲ್ಲಿ ಅಂಚಿನ ಎತ್ತರ ಸುಮಾರು 0.77 ಮೀಟರ್ ಇರುವುದರಿಂದ ತಪ್ಪು ಬಿಂದುವೂ ಪ್ಲೇಟಿನ ಒಳಗೇ ಬೀಳುತ್ತದೆ. ಬಿಂದು ಒಳಗಿದೆಯಲ್ಲ ಎಂದು ನೋಡಿ ಸಮಾಧಾನಪಡುವ ಪರೀಕ್ಷೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ನಾನು ಮಾಡುವ ಪರೀಕ್ಷೆ ಬೇರೆ. ಇದೇ ತಳ ಮತ್ತು ಎತ್ತರದ ತ್ರಿಕೋನದಲ್ಲಿ ಕೇಂದ್ರ (0.40, 0.30)ರಲ್ಲಿ, ಆಯತದಲ್ಲಿ (0.60, 0.45)ರಲ್ಲಿ ಇರುತ್ತದೆ. ನಮ್ಮ ಅಂಚು ತ್ರಿಕೋನದ ಓರೆ ಗೆರೆಗಿಂತ ಹೊರಕ್ಕೆ ಉಬ್ಬಿದ್ದು ಆಯತದೊಳಗೇ ಉಳಿಯುವುದರಿಂದ, ಕೇಂದ್ರದ ಎರಡೂ ಅಳತೆಗಳು ಇವೆರಡರ ನಡುವೆ ಬರಬೇಕು. 0.45 ಮತ್ತು 0.36 ಹಾಗೆಯೇ ಬಂದಿವೆ; 0.72 ಬರುವುದಿಲ್ಲ.

ತಳದ ನಡುಮಧ್ಯದ ಮೇಲೆ, (0.60, 0.60)ರಲ್ಲಿ, ತೂತು ಕೊರೆದರೆ ಏನಾಗುತ್ತದೆ? ಕೇಂದ್ರವು ತೂತಿನಿಂದ 0.15 ಮೀಟರ್ ಎಡಕ್ಕೂ 0.24 ಮೀಟರ್ ಕೆಳಕ್ಕೂ ಇದೆ. ಎತ್ತಿದ ಕೂಡಲೇ ಕೇಂದ್ರ ತೂತಿನ ನೇರ ಕೆಳಗೆ ಬಂದು ನಿಲ್ಲುವವರೆಗೆ ಪ್ಲೇಟು ತಿರುಗುತ್ತದೆ. ಆ ಕೋನದ ಟ್ಯಾಂಜೆಂಟ್ 0.15/0.24, ಅಂದರೆ ಸುಮಾರು 32 ಡಿಗ್ರಿ. 56 ಕೆ.ಜಿ. ಪ್ಲೇಟಿನ ಎಡ ಮೂಲೆ ಅಷ್ಟು ಕೆಳಗೆ ಜೋತುಬಿದ್ದರೆ ಪಕ್ಕದಲ್ಲಿ ಕೈ ಕೊಟ್ಟು ನಿಂತವರಿಗೆ ಅಪಾಯ. ತೂತನ್ನು x = 0.45ರ ಗೆರೆಯ ಮೇಲೆ, y = 0.66ರಲ್ಲಿ ಇಟ್ಟರೆ ತಳ ಸಮವಾಗಿ ನಿಲ್ಲುತ್ತದೆ.

ಆಟೋಕ್ಯಾಡ್‌ನಲ್ಲಿ ಆಕೃತಿಯನ್ನು REGION ಮಾಡಿ MASSPROP ಕೊಟ್ಟರೆ ಇದೇ ಕೇಂದ್ರ ಸಿಗುತ್ತದೆ. ಆದರೆ ಅದು ನಿರ್ದೇಶಾಂಕಗಳನ್ನು ಆಗ ಚಾಲ್ತಿಯಲ್ಲಿರುವ ಮೂಲಬಿಂದುವಿನಿಂದ ಕೊಡುತ್ತದೆ, ಪ್ಲೇಟಿನ ಮೂಲೆಯಿಂದಲ್ಲ. ಆದ್ದರಿಂದ ಮೂಲೆಯನ್ನು ಮೊದಲು ಮೂಲಬಿಂದುವಿಗೆ ತಂದುಕೊಳ್ಳಬೇಕು.

ಪ್ಲೇಟಿನೊಳಗೆ ಬೇರೆ ಕಿಂಡಿಗಳಿದ್ದರೆ ಹೊಸದಾಗಿ ಅನುಕಲಿಸಬೇಕಿಲ್ಲ. ಕಿಂಡಿಯ ವಿಸ್ತೀರ್ಣವನ್ನೂ ಮೊಮೆಂಟುಗಳನ್ನೂ ಕಳೆದರೆ ಸಾಕು. (0.20, 0.20)ರಲ್ಲಿ 200 ಮಿ.ಮೀ. ವ್ಯಾಸದ ಪೈಪು ಹಾಯಬೇಕಿದೆ ಎನ್ನೋಣ. ಅದರ ವಿಸ್ತೀರ್ಣ 0.0314, ಎರಡೂ ಮೊಮೆಂಟುಗಳು 0.0063. ಕಳೆದು ಭಾಗಿಸಿದಾಗ ಹೊಸ ಕೇಂದ್ರ (0.461, 0.367). ಎಡಗಡೆಯ ಲೋಹ ಹೋದದ್ದರಿಂದ ಕೇಂದ್ರ ಬಲಕ್ಕೆ ಸರಿದಿದೆ, ದಿಕ್ಕು ಸರಿಯಾಗಿದೆ. ಸರಿದದ್ದು 11 ಮಿ.ಮೀ. ಮಾತ್ರವಾದರೂ, ಎತ್ತುವ ತೂತನ್ನು 0.45ರಲ್ಲೇ ಬಿಟ್ಟರೆ ಪ್ಲೇಟು ಬಲಕ್ಕೆ ಎರಡು ಡಿಗ್ರಿಗೂ ತುಸು ಹೆಚ್ಚು ವಾಲುತ್ತದೆ, ಅಂದರೆ 1.2 ಮೀಟರ್ ತಳದ ಒಂದು ತುದಿ ಇನ್ನೊಂದಕ್ಕಿಂತ ಸುಮಾರು 45 ಮಿ.ಮೀ. ಕೆಳಗಿರುತ್ತದೆ. ಬೆಸುಗೆಗೆ ಪ್ಲೇಟನ್ನು ಕೂರಿಸುವಾಗ ಈ ವ್ಯತ್ಯಾಸ ಸಣ್ಣದಲ್ಲ, ಆದ್ದರಿಂದ ಕಿಂಡಿಗಳೆಲ್ಲ ಡ್ರಾಯಿಂಗಿನಲ್ಲಿ ಅಂತಿಮವಾದ ನಂತರವೇ ನಾವು ಎತ್ತುವ ತೂತಿನ ಜಾಗವನ್ನು ಗುರುತಿಸುತ್ತೇವೆ.