ಗಡಿಯಾರದ ಬೆಲೆ ಕೇಳಿ ಬರೆದ ಎರಡು ಪತ್ರ

ಅಪ್ಪ ತೀರಿಕೊಂಡ ಮೇಲೆ ಕಲಬುರಗಿಯ ಮನೆಯಲ್ಲಿ ಹಂಚಿಕೊಳ್ಳಲಾಗದೆ ಉಳಿದದ್ದು ನಡುಮನೆಯ ಗೋಡೆ ಗಡಿಯಾರ ಒಂದೇ. ಅಣ್ಣನಿಗೆ ಅದು ಬೇಕಿತ್ತು. ತಂಗಿ ಮಾತ್ರ, "ಇಟ್ಕೋರಿ ಅಣ್ಣಾ, ಆದ್ರ ಬೆಲೆ ಕಟ್ಟಿ ಇಟ್ಕೋರಿ" ಎಂದಳು. ಬೆಲೆ ಕೇಳುವ ಕೆಲಸ ನನ್ನ ಪಾಲಿಗೆ ಬಂತು.

ಮುಂಬೈಯ ಒಂದು ಹರಾಜು ಸಂಸ್ಥೆಗೆ ಪತ್ರ ಬರೆದೆ. ಮುತ್ತಜ್ಜ ಹೈದರಾಬಾದಿನಿಂದ ಎತ್ತಿನ ಗಾಡಿಯಲ್ಲಿ ತಂದದ್ದು, ಆರನೇ ನಿಜಾಮರ ಕಾಲದ್ದು, ಇವತ್ತಿಗೂ ಠಣ್ ಠಣ್ ಅನ್ನುತ್ತದೆ, ಎಷ್ಟು ಬೆಲೆ ಬಾಳುತ್ತದೆ ತಿಳಿಸಿ ಎಂದು. ಮುಂಭಾಗದ ಒಂದು ಫೋಟೋ ಇಟ್ಟೆ. ಚೆನ್ನಾಗಿ ಬರೆದಿದ್ದೇನೆ ಅನ್ನೋ ಸಮಾಧಾನವೂ ಇತ್ತು.

ಎರಡೇ ಸಾಲಿನ ಉತ್ತರ ಬಂತು. ಯಂತ್ರದ ಹಿಂಬದಿಯ ಫೋಟೋ ಕಳಿಸಿ. ಬೆಲೆ ಯಾತಕ್ಕೆ ಬೇಕು, ಮಾರಲಿಕ್ಕೋ, ವಿಮೆಗೋ, ಪಾಲು ಹಂಚಲಿಕ್ಕೋ?

ಯಂತ್ರ ಬಿಚ್ಚುವ ಧೈರ್ಯ ನನಗಿರಲಿಲ್ಲ. ಅಪ್ಪನ ಕಾಲದಿಂದ ಅದನ್ನು ನೋಡಿಕೊಳ್ಳುತ್ತಿದ್ದ ರಿಪೇರಿ ಚಾಚಾ ಮನೆಗೆ ಬಂದರು. ಮೊದಲು ಪೆಂಡುಲಮ್ ಕಳಚಿದರು. ಅದನ್ನು ತೂಗಿ ಹಿಡಿದಿರುವುದು ಕಾಗದದಷ್ಟು ತೆಳುವಾದ ಸ್ಪ್ರಿಂಗು, ಪೆಂಡುಲಮ್ ಕಳಚದೆ ಗಡಿಯಾರ ಅಲುಗಾಡಿಸಿದರೆ ಸೊಟ್ಟಗಾಗುತ್ತದೆ. ಆಮೇಲೆ ಮುಖದ ಸಮೇತ ಯಂತ್ರವನ್ನು ಹೊರಗೆಳೆದು, ಹಿಂದಿನ ಹಿತ್ತಾಳೆ ತಗಡಿಗೆ ಟಾರ್ಚ್ ಹಿಡಿದರು. ಎಂಟು ಮೂಲೆಯ ನಕ್ಷತ್ರ, ಅದರೊಳಗೆ ಜೆ ಅಕ್ಷರ. ಜರ್ಮನಿಯ ಯುಂಗ್‌ಹಾನ್ಸ್ ಕಂಪನಿಯ ಗುರುತು. ಪಕ್ಕದಲ್ಲಿ ಸಣ್ಣಗೆ ಬಿ 12 ಎಂದಿತ್ತು. ಎ ಅಂದರೆ ವರ್ಷದ ಮೊದಲ ಅರ್ಧ, ಬಿ ಅಂದರೆ ಎರಡನೆಯ ಅರ್ಧ, ಅಂಕಿ ಇಸವಿಯದು. ಅಂದರೆ 1912ರ ಜುಲೈನಿಂದ ಡಿಸೆಂಬರ್ ಒಳಗೆ ಮಾಡಿದ ಯಂತ್ರ.

ಆರನೇ ನಿಜಾಮ ಮಹಬೂಬ್ ಅಲಿ ಖಾನ್ ತೀರಿಕೊಂಡದ್ದು 1911ರ ಆಗಸ್ಟ್‌ನಲ್ಲಿ. ನಮ್ಮ ಮನೆಯ ಕಥೆ ಒಂದು ವರ್ಷದ ಅಂತರದಲ್ಲಿ ಬಿದ್ದುಹೋಯಿತು!

ಚಾಚಾ ಇನ್ನೊಂದು ತೋರಿಸಿದರು. ಬಿಳಿ ಮುಖವನ್ನು ಹಿಡಿದಿದ್ದ ಸ್ಕ್ರೂಗಳ ಪಕ್ಕದಲ್ಲೇ ಎರಡು ಖಾಲಿ ತೂತು. ಒಳಗೆ ಧೂಳು ಗಟ್ಟಿಯಾಗಿ ಕೂತಿತ್ತು. "ಮುಖ ಬದಲಾಗೇದ ನೋಡ್ರಿ. ಹಳೇ ಮುಖದ ತೂತು ಇವು," ಎಂದರು. ಪೆಟ್ಟಿಗೆಯ ಹಿಂಬದಿ ಹಲಗೆಯಲ್ಲೂ ಇಂಥ ತೂತು ಹುಡುಕಿದರು. ಅಲ್ಲಿ ಏನಾದರೂ ಸಿಕ್ಕಿದ್ದರೆ ಯಂತ್ರ ಒಂದು ಗಡಿಯಾರದ್ದು, ಪೆಟ್ಟಿಗೆ ಇನ್ನೊಂದರದ್ದು ಎಂಬ ಅನುಮಾನ ಬರುತ್ತಿತ್ತು, ಬೆಲೆ ಜಾಸ್ತಿನೇ ಇಳಿಯುತ್ತಿತ್ತು. ಸಿಗಲಿಲ್ಲ. ಆದರೆ ನಾಲ್ಕು ವರ್ಷದ ಹಿಂದೆ ದೀಪಾವಳಿಗೆ ಪೆಟ್ಟಿಗೆಗೆ ಹೊಳೆಯುವ ವಾರ್ನಿಶ್ ಬಳಿಸಿದವನು ನಾನೇ. ಹಳೇ ಪಾಲಿಶ್ ಹಾಗೇ ಇದ್ದಿದ್ದರೆ ಕೊಳ್ಳುವವರಿಗೆ ಅದೇ ಇಷ್ಟವಂತೆ.

ಎರಡನೇ ಪತ್ರದಲ್ಲಿ ಎತ್ತಿನ ಗಾಡಿ ಇರಲಿಲ್ಲ. ಹೀಗೆ ಬರೆದೆ:

"ಯುಂಗ್‌ಹಾನ್ಸ್ ಗೋಡೆ ಗಡಿಯಾರ, ಯಂತ್ರದ ಮೇಲೆ ಬಿ 12. ಎತ್ತರ 78 ಸೆಂಟಿಮೀಟರ್, ಅಗಲ 34. ಎಂಟು ದಿನಕ್ಕೊಮ್ಮೆ ಕೀಲಿ. ಗಂಟೆಗೂ ಅರ್ಧ ಗಂಟೆಗೂ ಹೊಡೆಯುತ್ತದೆ. ಮುಖ ಮೂಲದ್ದಲ್ಲ. ಪೆಟ್ಟಿಗೆಗೆ ಹೊಸ ವಾರ್ನಿಶ್ ಆಗಿದೆ. ಖರೀದಿ ಚೀಟಿ ಇಲ್ಲ, ಹೈದರಾಬಾದಿನಿಂದ ತಂದದ್ದು ಎಂಬುದು ಮನೆಯವರ ಮಾತು ಮಾತ್ರ. ನಾವು ಮೂವರು ಮಕ್ಕಳು. ಒಬ್ಬರು ಇಟ್ಟುಕೊಂಡು ಉಳಿದಿಬ್ಬರಿಗೆ ಹಣ ಕೊಡಬೇಕು. ಅದಕ್ಕೆ ಯಾವ ಬೆಲೆ ಹಿಡಿಯಬೇಕು?"

ಈ ಸಲ ಫೋನೇ ಬಂತು. ಸಂಸ್ಥೆಯ ಹೆಣ್ಣುಮಗಳೊಬ್ಬರು ಬಿಡಿಸಿ ಹೇಳಿದರು. ವಿಮೆಗೆ ಬರೆಯುವ ಬೆಲೆ ಅಂದರೆ ಇಂಥದ್ದೇ ಇನ್ನೊಂದನ್ನು ಅಂಗಡಿಯಲ್ಲಿ ಕೊಳ್ಳಲು ಬೇಕಾಗುವ ಹಣ, ಅದು ಯಾವಾಗಲೂ ಮೇಲಿರುತ್ತದೆ. ಪಾಲಿಗೆ ನೋಡಬೇಕಾದದ್ದು ಹರಾಜಿನಲ್ಲಿ ಸುತ್ತಿಗೆ ಬೀಳುವ ಬೆಲೆ. ನೆಟ್‌ನಲ್ಲಿ ಹಳೇ ಹರಾಜಿನ ಬೆಲೆ ನೋಡಿದರೆ ಒಂದು ಎಚ್ಚರ: ಎಷ್ಟೋ ಕಡೆ ಕೊಂಡವರು ಸಂಸ್ಥೆಗೆ ಮೇಲೆ ಕೊಟ್ಟ ಶುಲ್ಕವೂ ಅದರಲ್ಲಿ ಸೇರಿರುತ್ತದೆ. ಮಾರಿದವರ ಕೈಗೆ ಅಷ್ಟು ಬರುವುದಿಲ್ಲ. ನೂರು ವರ್ಷ ದಾಟಿದ್ದರಿಂದ ಪುರಾತನ ವಸ್ತುಗಳ 1972ರ ಕಾಯಿದೆಯ ಪ್ರಕಾರ ಹೊರದೇಶಕ್ಕೆ ಮಾರುವ ಹಾಗಿಲ್ಲ, ಕೊಳ್ಳುವವರು ಇಲ್ಲೇ ಸಿಗಬೇಕು.

ನಮ್ಮದಕ್ಕೆ ಅವರ ಅಂದಾಜು 18ರಿಂದ 24 ಸಾವಿರ. ನಡುವಿನದ್ದು 21. ಅಣ್ಣ ಲೆಕ್ಕಕ್ಕೆ ಕೂತ. ಮಾರಿದರೆ ನೂರಕ್ಕೆ 15 ಕಮಿಷನ್, ಅಂದರೆ 3,150. ಪ್ಯಾಕಿಂಗ್, ಸಾಗಾಟ 2,000. ಉಳಿಯುವುದು 15,850, ಅದನ್ನೇ ಮೂರು ಪಾಲು ಮಾಡೋಣ ಎಂದ.

"ಮಾರಾಕತ್ತಿಲ್ಲಲ್ಲ ಅಣ್ಣಾ," ಎಂದಳು ತಂಗಿ. "ಕೊಡದ ಕಮಿಷನ್ ಯಾಕ ಕಳೀತಿ?"

ಅವಳ ಮಾತು ಖರೆ. ಅಣ್ಣ ಇಬ್ಬರಿಗೂ ಏಳೇಳು ಸಾವಿರ ಕೊಟ್ಟ. ಗಡಿಯಾರವನ್ನು ಕಾರಿನಲ್ಲಿ ಇಡುವ ಮುಂಚೆ ಪೆಂಡುಲಮ್ ಕಳಚಿ, ಹಳೇ ಟವೆಲ್‌ನಲ್ಲಿ ಸುತ್ತಿ, ಅತ್ತಿಗೆಯ ಕೈಗೆ ಕೊಟ್ಟೆ.