ಉತ್ತರ ಮುಚ್ಚಿಟ್ಟು ಪ್ರಶ್ನೆ ಓದಿ

"ಮೇಡಂ, ಹೊಸಬರನ್ನ ಹಳ್ಳಿಗೆ ಸಂದರ್ಶನಕ್ಕೆ ಕಳಿಸೋ ಮುಂಚೆ ಅಷ್ಟು ದಿನ ಏನು ಹೇಳಿಕೊಡ್ತೀರ? ಪ್ರಶ್ನೆಪಟ್ಟಿ ಕೈಗೆ ಕೊಟ್ಟರೆ ಸಾಲದಾ?"

ಪಟ್ಟಿ ಕೊಡುವುದು ಕೊನೆಗೆ. ಮೊದಲು ಅವರ ದನಿಯನ್ನೇ ಅವರಿಗೆ ಕೇಳಿಸುತ್ತೇನೆ. ಪ್ರತಿಯೊಬ್ಬರೂ ಗುರುತಿರುವ ಯಾರನ್ನಾದರೂ ಹತ್ತು ನಿಮಿಷ ಮಾತಾಡಿಸಿ, ಒಪ್ಪಿಗೆ ಪಡೆದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬರಬೇಕು. ಆಮೇಲೆ ಅದನ್ನು ಒಂದು 'ಹ್ಞೂಂ' ಕೂಡ ಬಿಡದೆ ಹಾಳೆಯ ಮೇಲೆ ಬರೆಯಬೇಕು. ಬರೆದಾದ ಮೇಲೆ ಉತ್ತರಗಳನ್ನು ಇನ್ನೊಂದು ಹಾಳೆಯಿಂದ ಮುಚ್ಚಿ, ಪ್ರಶ್ನೆಗಳನ್ನಷ್ಟೇ ಗಟ್ಟಿಯಾಗಿ ಓದಬೇಕು. ಉಳಿದವರು ಉತ್ತರ ಏನಿರಬಹುದು ಅಂತ ಊಹಿಸುತ್ತಾರೆ. ಎಲ್ಲರ ಊಹೆಯೂ ಒಂದೇ ಆಗಿ, ಅದು ಸರಿಯೂ ಆಗಿಬಿಟ್ಟರೆ, ಆ ಉತ್ತರ ಹೇಳಿದ್ದು ಎದುರಿಗಿದ್ದವರಲ್ಲ, ಪ್ರಶ್ನೆ ಕೇಳಿದವರು.

ನಾವು ಮಾಡುವುದು ಕೋಲಾರ ಜಿಲ್ಲೆಯ ಕೆರೆಗಳ ಬಗ್ಗೆ ಹಿರಿಯರ ನೆನಪುಗಳನ್ನು ದಾಖಲಿಸುವ ಕೆಲಸ. ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹಿಂದೆ ಕೆರೆ ನೀರನ್ನು ಗದ್ದೆಗಳಿಗೆ ಬಿಡುವ ನೀರುಗಂಟಿಯಾಗಿದ್ದ ಒಬ್ಬ ತಾತನ ಹತ್ತಿರ ನಮ್ಮ ತಂಡದ ಹುಡುಗಿಯೊಬ್ಬಳು ಹೋಗಿದ್ದಳು. ಅವಳ ಮೊದಲ ರೆಕಾರ್ಡಿಂಗ್ ಹೀಗೆ ಶುರುವಾಗುತ್ತದೆ:

"ತಾತ, ಬೋರ್‌ವೆಲ್ ಬಂದ ಮೇಲೆ ತಾನೆ ಕೆರೆ ಹಾಳಾಗಿದ್ದು?"
"ಹ್ಞೂಂ ಕಣಮ್ಮ."
"ನಿಮಗೆ ತುಂಬಾ ಬೇಜಾರಾಗಿರಬೇಕು, ಅಲ್ವಾ?"
"ಆಗದೆ ಇರುತ್ತಾ."

ಇಪ್ಪತ್ತು ನಿಮಿಷ ಹೀಗೇ ನಡೆದಿದೆ. ಕೆರೆ ಹಾಳಾಯಿತು ಅನ್ನುವುದನ್ನು, ಅದಕ್ಕೆ ಬೋರ್‌ವೆಲ್ ಕಾರಣ ಅನ್ನುವುದನ್ನು, ಕೊನೆಗೆ ತಾತನ ಬೇಜಾರನ್ನೂ ಅವಳೇ ಹೇಳಿಬಿಟ್ಟಿದ್ದಾಳೆ. ತಾತನ ಪಾಲಿಗೆ ಉಳಿದದ್ದು ತಲೆಯಾಡಿಸುವುದು. ಅವರು ಸುಳ್ಳು ಹೇಳಿದರು ಅಂತಲ್ಲ. ಪೇಟೆಯಿಂದ ಓದಿದ ಹುಡುಗಿ ಮನೆ ಬಾಗಿಲಿಗೆ ಬಂದು ಜಗಲಿ ಮೇಲೆ ಕೂತಿದ್ದಾಳೆ. ಬಂದವರ ಮಾತಿಗೆ 'ಇಲ್ಲ' ಅನ್ನುವುದು ನಮ್ಮ ಕಡೆ ಮರ್ಯಾದೆಯಲ್ಲ. 'ಅಲ್ವಾ', 'ತಾನೆ', 'ಇರಬೇಕಲ್ಲ' ಇವು ಬಾಲದಲ್ಲಿ ಬಂದರೆ ಸಾಕು, ಪ್ರಶ್ನೆ ಒಪ್ಪಿಗೆ ಕೇಳುತ್ತಿರುತ್ತದೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮಾತು ತೆಲುಗಿಗೆ ಹೊರಳಿದರೆ ಅಲ್ಲಿ 'ಕದಾ' ಅದೇ ಕೆಲಸ ಮಾಡುತ್ತದೆ.

ಬಾಲವನ್ನು ಕತ್ತರಿಸಿದರೂ ಕೆಲವು ಪದಗಳು ಒಳಗೇ ಉಳಿದಿರುತ್ತವೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಮಾಡಿದ ಮನಶ್ಶಾಸ್ತ್ರದ ಪ್ರಯೋಗವನ್ನು ಇಲ್ಲಿ ಹೇಳುತ್ತೇನೆ. ಕಾರು ಅಪಘಾತದ ಚಿತ್ರ ತೋರಿಸಿ, ಕಾರುಗಳು ಎಷ್ಟು ವೇಗದಲ್ಲಿದ್ದವು ಅಂತ ಕೇಳಿದರು. ಕೆಲವರಿಗೆ ಕಾರುಗಳು 'ಬಡಿದಾಗ' ಎಂಬಂಥ ಪದ, ಕೆಲವರಿಗೆ 'ಅಪ್ಪಳಿಸಿದಾಗ' ಎಂಬಂಥ ಪದ. ಅಪ್ಪಳಿಸಿದ ಪದ ಕೇಳಿದವರು ಹೆಚ್ಚು ವೇಗ ಹೇಳಿದರು. ಒಂದು ವಾರ ಬಿಟ್ಟು, ಒಡೆದ ಗಾಜು ನೋಡಿದಿರಾ ಅಂದಾಗ ಅವರಲ್ಲಿ 50ಕ್ಕೆ 16 ಜನ ನೋಡಿದೆವು ಅಂದರು. ಇನ್ನೊಂದು ಗುಂಪಿನಲ್ಲಿ 50ಕ್ಕೆ 7 ಜನ. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಸರಿಯಾದ ಉದಾಹರಣೆ ಕೆ.ಸಿ. ವ್ಯಾಲಿ ನೀರು. ಬೆಂಗಳೂರಿನ ತ್ಯಾಜ್ಯ ನೀರನ್ನು ಸಂಸ್ಕರಿಸಿ 2018ರಿಂದ ಇಲ್ಲಿನ ಕೆರೆಗಳಿಗೆ ಹರಿಸುತ್ತಿದ್ದಾರೆ. 'ಕೊಳಚೆ ನೀರು ಬಂದ ಮೇಲೆ' ಅಂತ ಶುರು ಮಾಡಿದರೆ ಒಂದು ಉತ್ತರ ಬರುತ್ತದೆ, 'ಶುದ್ಧೀಕರಿಸಿದ ನೀರು ಬಂದ ಮೇಲೆ' ಅಂದರೆ ಇನ್ನೊಂದು. ಅದಕ್ಕೆ ನಮ್ಮವರು ಮೊದಲು ಕೇಳಬೇಕಾದದ್ದು, "ಈಗ ಕೆರೆಗೆ ಬರ್ತಿರೋ ನೀರನ್ನ ನಿಮ್ಮೂರಲ್ಲಿ ಏನಂತಾರೆ?" ಅವರು ಕೊಟ್ಟ ಹೆಸರನ್ನೇ ಹಿಡಿದು ಮುಂದಿನ ಮಾತು.

ಎರಡು ವಾರ ಅಭ್ಯಾಸ ಮಾಡಿಸಿ ಆ ಹುಡುಗಿಯನ್ನು ಅದೇ ತಾತನ ಹತ್ತಿರ ಮತ್ತೆ ಕಳಿಸಿದೆ. ಈ ಸಲ ಅವಳು ಕಾರಣ ಕೇಳಲಿಲ್ಲ, ಒಂದು ದಿನವನ್ನು ಕೇಳಿದಳು. "ತಾತ, ನೀವು ತೂಬೆತ್ತಿ ನೀರು ಬಿಡ್ತಿದ್ದಾಗ ಬೆಳಗ್ಗೆಯಿಂದ ಸಂಜೆವರೆಗೆ ಏನೇನು ಮಾಡ್ತಿದ್ರಿ, ಹೇಳ್ತೀರಾ?"

ತಾತ ಹನ್ನೆರಡು ನಿಮಿಷ ಒಂದೇ ಸಮನೆ ಮಾತಾಡಿದ್ದಾರೆ. ಸನಿಕೆ ಹೆಗಲ ಮೇಲಿಟ್ಟುಕೊಂಡು ಕಾಲುವೆಗುಂಟ ಹೋಗಿದ್ದು, ಅಚ್ಚುಕಟ್ಟಿನ ಕೊನೇ ಗದ್ದೆಯವರ ಜಗಳ, ರಾತ್ರಿ ಯಾರೋ ಕಾಲುವೆ ಒಡೆದದ್ದು. ಅಷ್ಟೂ ಹೊತ್ತು ಅವಳ ದನಿ ಬರೀ 'ಹ್ಞೂಂ'. ಇದನ್ನೂ ಕಲಿಸಬೇಕಾಗುತ್ತದೆ. ಕತೆ ಹೇಳುವವರ ಮುಂದೆ ಹ್ಞೂಂಗುಡದೆ ಕಲ್ಲಿನ ಹಾಗೆ ಕೂತರೆ ನಮ್ಮಲ್ಲಿ ಯಾರೂ ಮಾತು ಮುಂದುವರಿಸುವುದಿಲ್ಲ. ಆದರೆ 'ಅಯ್ಯೋ ಪಾಪ', 'ಹೌದೌದು', 'ಒಳ್ಳೇ ಕೆಲಸ ಮಾಡಿದ್ರಿ' ಅಂದರೆ ಹೇಳುವವರಿಗೆ ನಮಗೇನು ಇಷ್ಟ ಅಂತ ತಿಳಿದುಹೋಗುತ್ತದೆ, ಅವರು ಅದನ್ನೇ ಇನ್ನಷ್ಟು ಕೊಡುತ್ತಾರೆ. ಏರಿಳಿತವಿಲ್ಲದ ಹ್ಞೂಂ ಸಾಕು.

ಆಮೇಲೆ ತಾತ ತಗ್ಗಿದ ದನಿಯಲ್ಲಿ, "ಕಡೆಕಡೆಗೆ ಕಾಳು ಕೊಡೋದು ನಿಲ್ಲಿಸಿಬಿಟ್ರು" ಅಂದರು.

ಪಟ್ಟಿ ಹಿಡಿದುಕೊಂಡು ಹೋಗಿದ್ದರೆ ಇಲ್ಲಿ ಮುಂದಿನ ಪ್ರಶ್ನೆ ಬಂದುಬಿಡುತ್ತಿತ್ತು. ಅವಳು ಅವರ ಮಾತನ್ನೇ ಮೆಲ್ಲಗೆ ತಿರುಗಿ ಹೇಳಿದಳು, "ಕಾಳು ಕೊಡೋದು ನಿಲ್ಲಿಸಿಬಿಟ್ರು..." ಆಮೇಲೆ ಸುಮ್ಮನಾದಳು. ಹೀಗೆ ಸುಮ್ಮನಿರಲು ನಾನು ಹೇಳಿಕೊಡುವುದು ಹೆಬ್ಬೆರಳಿನಿಂದ ಬೆರಳಿನ ಗೆಣ್ಣು ಎಣಿಸುವುದನ್ನು, ಒಂದೊಂದಾಗಿ ಐದು. ರೆಕಾರ್ಡಿಂಗ್‌ನಲ್ಲಿ ಆ ಹೊತ್ತು ಒಂದು ಕೋಳಿ ಕೆದಕುವ ಸದ್ದು ಮಾತ್ರ ಇದೆ.

"ಕಣದಲ್ಲಿ ರಾಶಿ ಮಾಡಿದಾಗ ನನ್ನ ಪಾಲು ಅಂತ ಅಳೆದು ಕೊಡ್ತಿದ್ರು. ಒಂದು ವರ್ಷ ಮೂರು ಮನೆಯವರು ಕೊಡಲಿಲ್ಲ. ಮಾರನೇ ವರ್ಷ ಇನ್ನೂ ನಾಲ್ಕು ಮನೆ. ನಾನ್ಯಾಕೆ ರಾತ್ರಿಯೆಲ್ಲಾ ಕಾಲುವೆ ಕಾಯ್ಲಿ? ಬಿಟ್ಟುಬಿಟ್ಟೆ."

"ಆಗ ಊರಲ್ಲಿ ಬೋರ್‌ವೆಲ್ ಇತ್ತಾ, ಇನ್ನೂ ಬಂದಿರಲಿಲ್ವಾ?"

"ಎಲ್ಲಿ ಬೋರು! ಅದು ಬಂದಿದ್ದು ಆಮೇಲೆ."

ಮೊದಲ ದಿನ 'ಹ್ಞೂಂ ಕಣಮ್ಮ' ಅಂದದ್ದೂ ಇದೇ ತಾತ. ಇದು ಒಬ್ಬರ ನೆನಪು. ಕಾಳು ಕೊಡದ ಮನೆಗಳವರನ್ನೂ ಕೇಳದೆ ಆ ಕೆರೆಯ ಕತೆ ಇಷ್ಟೇ ಅಂತ ನಾನು ಬರೆಯುವುದಿಲ್ಲ. ಆದರೆ ಮೊದಲ ಸಂದರ್ಶನ ಮಾತ್ರ ಇದ್ದಿದ್ದರೆ ಆ ಮನೆಗಳ ಬಾಗಿಲು ತಟ್ಟುವ ಯೋಚನೆಯೇ ನಮಗೆ ಬರುತ್ತಿರಲಿಲ್ಲ.

ಬೋರ್‌ವೆಲ್ ಬಗ್ಗೆ ಅವಳು ಕೇಳಿದ ರೀತಿಯನ್ನು ಗಮನಿಸಿ. ಹಿರಿಯರಿಗೆ ಇಸವಿ ನೆನಪಿರುವುದಿಲ್ಲ, ಆದ್ದರಿಂದ ಗೊತ್ತಿರುವ ಇನ್ನೊಂದು ಸಂಗತಿಯ ಪಕ್ಕದಲ್ಲಿಟ್ಟು ಕೇಳಲೇಬೇಕು. ಆಗ ಎರಡೂ ಬಾಗಿಲು ತೆರೆದಿರಬೇಕು: ಮೊದಲಾ, ಆಮೇಲಾ? ಅದೂ ಅವರ ಕತೆ ಪೂರ್ತಿ ಹೊರಬಂದ ಮೇಲೆ. ಕತೆಯ ನಡುವೆ ಅವಳ ಹತ್ತಿರ ಇದ್ದದ್ದು ನಾಲ್ಕೇ ಮಾತು: 'ಆಮೇಲೆ?', 'ಅಂದ್ರೆ?', 'ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀರಾ?', 'ಅಲ್ಲಿ ಇನ್ಯಾರಿದ್ರು?' ಹೊಸಬರಿಗೆ ನಾನು ಕೊಡುವುದೂ ಈ ನಾಲ್ಕನ್ನೇ. 'ಯಾಕೆ' ಅನ್ನುವುದನ್ನು ಮೊದಲ ತಿಂಗಳು ಬಿಡಿಸುತ್ತೇನೆ. 'ಯಾಕೆ ಬಿಟ್ರಿ?' ಅಂದರೆ ತಪ್ಪು ಹೊರಿಸಿದ ಹಾಗೆ ಕೇಳಿಸುತ್ತದೆ, ಎದುರಿನವರು ಸಮರ್ಥನೆಗೆ ನಿಲ್ಲುತ್ತಾರೆ. 'ಬಿಟ್ಟಿದ್ದು ಹೇಗಾಯ್ತು?' ಅಂದರೆ ನಡೆದದ್ದು ಬರುತ್ತದೆ.

ಇಷ್ಟಾದರೂ ಕೆಡುವ ಒಂದು ಸಂದರ್ಭವಿದೆ. ಪಕ್ಕದಲ್ಲಿ ಮಗ ಬಂದು ಕೂತು, "ಅಪ್ಪಂಗೆ ಅದೆಲ್ಲಾ ಮರೆತುಹೋಗಿದೆ, ನಾನು ಹೇಳ್ತೀನಿ ಬರ್ಕೊಳ್ಳಿ" ಅಂದಾಗ ಪ್ರಶ್ನೆ ಎಷ್ಟು ಸರಿಯಿದ್ದರೂ ಉತ್ತರ ಮಗನದೇ. ಮಗನ ಮಾತನ್ನೂ ಪೂರ್ತಿ ಕೇಳಿ, ಅವರ ಹೆಸರಿನಲ್ಲೇ ಬೇರೆಯಾಗಿ ಬರೆದುಕೊಳ್ಳಿ, ತಾತನ ಜೊತೆ ಕೆರೆ ಏರಿ ಮೇಲೆ ನಡೆದು ಬರಲು ಇನ್ನೊಂದು ದಿನ ಕೇಳಿಕೊಳ್ಳಿ ಅನ್ನುತ್ತೇನೆ. ತೂಬಿನ ಮುಂದೆ ನಿಂತಾಗ ಬಹಳ ಸಲ ಪ್ರಶ್ನೆಯೇ ಬೇಕಾಗುವುದಿಲ್ಲ.